ಲತಾಳ ಗಡಿಯಾರ

ಎರಡನೇ ಗಡಿಯಾರದಲ್ಲಿ ಎಂಟು ಗಂಟೆ ಹೊಡೆದು ಹತ್ತು ನಿಮಿಷವಾದರೂ ಫೋನ್ ಬರಲಿಲ್ಲ. ಹನುಮಂತರಾಜು ಊಟದ ಡಬ್ಬಿಯ ಮುಚ್ಚಳ ತೆಗೆದ, ಒಳಗಿದ್ದ ಮುದ್ದೆಯನ್ನು ನೋಡಿದ, ಮತ್ತೆ ಮುಚ್ಚಿದ. ಇದು ಮೂರನೇ ದಿನ.

ಶೆಟ್ಟಿಕೆರೆ ರಸ್ತೆಯಲ್ಲಿರುವ ಅವನ ಕೊಬ್ಬರಿ ಶೆಡ್ಡಿನ ಗೋಡೆಯ ಮೇಲೆ ಎರಡು ಗಡಿಯಾರಗಳಿದ್ದವು. ಒಂದು ಇಲ್ಲಿನದು. ಅದರ ಪಕ್ಕದ್ದು ಐರ್ಲೆಂಡಿನದು. ಹೆಂಡತಿ ಪುಷ್ಪಲತಾ ಏಪ್ರಿಲ್‌ನಲ್ಲಿ ನರ್ಸ್ ಕೆಲಸಕ್ಕೆಂದು ಅಲ್ಲಿಗೆ ಹೊರಡುವ ಮೊದಲು ತಿಪಟೂರಿನಿಂದ ತಂದು, ತಾನೇ ಮೊಳೆ ಹೊಡೆದು ತೂಗುಹಾಕಿದ್ದಳು. ನಾಲ್ಕೂವರೆ ಗಂಟೆ ಹಿಂದಕ್ಕೆ ತಿರುಗಿಸಿ, "ಇದನ್ನ ನೋಡ್ಕೊಂಡಿರಿ, ನಾನು ಏನ್ ಮಾಡ್ತಾ ಇದೀನಿ ಅಂತ ಗೊತ್ತಾಗುತ್ತೆ" ಅಂದಿದ್ದಳು. ಅಂದಿನಿಂದ ರಾಜು ಇಲ್ಲಿನ ಗಡಿಯಾರಕ್ಕಿಂತ ಅದನ್ನೇ ಹೆಚ್ಚು ನೋಡುತ್ತಿದ್ದ. ಅದಕ್ಕೆ ಸೆಲ್ಲನ್ನೂ ಒಳ್ಳೆಯದೇ ಹಾಕುತ್ತಿದ್ದ.

ಗಂಡ ದುಡಿಯಲು ಹೊರದೇಶಕ್ಕೆ ಹೋದರೆ ಊರಿನವರು ಹೆಂಡತಿಯನ್ನು ಪಾಪ ಅನ್ನುತ್ತಾರೆ. ಹೆಂಡತಿ ಹೋದರೆ ಗಂಡನನ್ನು ಯಾರೂ ಪಾಪ ಅನ್ನುವುದಿಲ್ಲ, ನಗುತ್ತಾರೆ. ರಾಜುವೂ ಅವರ ಜೊತೆ ನಕ್ಕು ನಕ್ಕು ಆರು ತಿಂಗಳು ಕಳೆದಿದ್ದ. ಹೋಗು ಎಂದು ಹುರಿದುಂಬಿಸಿದವನೇ ಅವನು. ಅವಳು ಪರೀಕ್ಷೆಗೆ ಓದುವಾಗ ರಾತ್ರಿ ಕಾಫಿ ಮಾಡಿಕೊಟ್ಟವನೂ ಅವನೇ. ಹಾಗಾಗಿ ಈಗ ಬೇಸರವಾಗುತ್ತದೆ ಎಂದು ಯಾರ ಹತ್ತಿರ ಹೇಳಿಕೊಳ್ಳುವುದು?

ಮಾತಿಗೆ ಹೊತ್ತು ಸಿಗುವುದೇ ಕಷ್ಟವಾಗಿತ್ತು. ಹಗಲು ಪಾಳಿ ಇದ್ದ ವಾರ ಅವಳು ಬೆಳಿಗ್ಗೆ ಎಂಟಕ್ಕೆ ವಾರ್ಡಿಗೆ ಹೋದರೆ ಬಿಡುವುದು ರಾತ್ರಿ ಎಂಟಕ್ಕೆ. ಅಷ್ಟೊತ್ತಿಗೆ ಇಲ್ಲಿ ನಡುರಾತ್ರಿ ದಾಟಿರುತ್ತಿತ್ತು. ನಸುಕಿಗೇ ಎದ್ದು ಕಾಯಿ ಸುಲಿಯುವವರ ಜೊತೆ ನಿಲ್ಲಬೇಕಾದ ರಾಜು ಒಂಬತ್ತಕ್ಕೆಲ್ಲ ಹಾಸಿಗೆಯಲ್ಲಿ ಬಿದ್ದಿರುತ್ತಿದ್ದ. ಅವಳ ಊಟದ ಬಿಡುವು ಇಲ್ಲಿ ಸಂಜೆ ಲಾರಿಗೆ ಚೀಲ ತುಂಬುವ ಹೊತ್ತು. ಅವಳು ಬ್ರೆಡ್ಡು ಅಗಿಯುತ್ತಾ "ಹೇಳಿ" ಅನ್ನುವಳು, ಇವನು "ತಡಿ, ತೂಕ ಹಾಕ್ತಾವ್ರೆ" ಅನ್ನುವನು. ರಾತ್ರಿ ಪಾಳಿಯ ವಾರ ಮಾತ್ರ ದೇವರು ಕಣ್ಣು ಬಿಟ್ಟ ಹಾಗೆ. ಬೆಳಿಗ್ಗೆ ಎಂಟಕ್ಕೆ ಪಾಳಿ ಬಿಟ್ಟು ಬಸ್ ಸ್ಟಾಪಿಗೆ ನಡೆಯುವಾಗ ಅವಳು ಫೋನ್ ಮಾಡುತ್ತಿದ್ದಳು. ಇಲ್ಲಿ ಮಧ್ಯಾಹ್ನ ಹನ್ನೆರಡೂವರೆ, ಊಟದ ವೇಳೆ. ಅವಳು ಮನೆ ಸೇರಿ ಮಲಗುವವರೆಗಿನ ಆ ಮುಕ್ಕಾಲು ಗಂಟೆಯೇ ಅವರ ಸಂಸಾರ.

ಈ ವಾರ ರಾತ್ರಿ ಪಾಳಿಯೇ ಆದರೂ ಭಾನುವಾರ ಆ ಫೋನ್ ಬರಲಿಲ್ಲ. ಒಂದೂ ಕಾಲಿನವರೆಗೆ ಕಾದು ರಾಜು ಎದ್ದ. ಟ್ರ್ಯಾಕ್ಟರ್ ಹತ್ತಿ, ಪಕ್ಕದೂರಿನ ತೋಟದಿಂದ ಕಾಯಿ ತರಲು ಹೋದ. ವಾಪಸ್ಸು ಬಂದು ನೋಡಿದರೆ ಎರಡು ಮಿಸ್ಡ್ ಕಾಲ್, ಒಂದೂವರೆಯ ಮೇಲೆ ಬಂದವು. ಟ್ರ್ಯಾಕ್ಟರಿನ ಸದ್ದಿನಲ್ಲಿ ಕೇಳಿಸಿರಲಿಲ್ಲ. ತಿರುಗಿ ಮಾಡಿದರೆ ಅವಳು ಎತ್ತಲಿಲ್ಲ. ಹಗಲು ಮಲಗುವವಳು ಫೋನನ್ನು ಮೂಕ ಮಾಡಿಟ್ಟು ಮಲಗುತ್ತಾಳೆ. ಸೋಮವಾರವೂ ಹಾಗೇ ಆಯಿತು. ಅಲ್ಲಿನ ಸಂಜೆ, ಇಲ್ಲಿನ ನಡುರಾತ್ರಿಯಲ್ಲಿ "ಸಾರಿ ರೀ, ಡ್ಯೂಟಿಗೆ ಹೊರಟೆ, ನಾಳೆ ಮಾತಾಡೋಣ" ಎಂದು ಒಂದು ಸಾಲು ಬಂದಿತ್ತು. ಪಕ್ಕದಲ್ಲೊಂದು ನಗುವ ಮುಖ. ಆ ನಗುವ ಮುಖ ಅವನಿಗೆ ಚೆನ್ನಾಗಿ ಚುಚ್ಚಿತು. ಪಾಳಿ ಬಿಟ್ಟು ಒಂದು ಗಂಟೆಯಾದ ಮೇಲೆ ಗಂಡನ ನೆನಪಾಗುತ್ತದೆ ಅಂದರೆ, ಮೊದಲ ಒಂದು ಗಂಟೆ ಯಾರಿಗೆ? ಜೊತೆಯ ಕೇರಳದ ನರ್ಸ್ ಗೆಳತಿಯರಿಗೋ, ಅಂಗಡಿ ಸುತ್ತುವುದಕ್ಕೋ? ಒಬ್ಬನೇ ಇದ್ದವನ ತಲೆಗೆ ಇಂಥವು ತಾವಾಗಿಯೇ ಬರುತ್ತವೆ.

ಇವತ್ತು ಮಂಗಳವಾರ. ಒಂದು ಗಂಟೆಯವರೆಗೆ ಕಾದು ಅವನು ಶೆಡ್ಡಿನ ಹಿಂದಿನ ಹಲಸಿನ ಮರದ ಕೆಳಗೆ ಹೋದ. ಫೋನಿನಲ್ಲಿ ಬರೆಯಲು ನೋಡಿದ, ಬರೆದರೆ ಕಾಗದದ ಹಾಗೆ ಕಾಣುತ್ತಿತ್ತು. ಅಳಿಸಿ ಮೈಕಿನ ಗುರುತನ್ನು ಒತ್ತಿ ಹಿಡಿದ.

"ಲತಾ, ನಾನು ಕಣೇ. ಇವತ್ತೂ ಕಾದೆ. ಮೂರು ದಿನದಿಂದ ಗಡಿಯಾರ ನೋಡ್ಕೊಂಡು ಕೂತಿವ್ನಿ, ಊಟ ಆರೋಯ್ತದೆ. ನೀನು ಕಷ್ಟ ಪಡ್ತೀಯ, ನಂಗೊತ್ತು. ಆದ್ರೆ ನಾನೂ ಒಬ್ಬ ಇವ್ನಿ. ರಾತ್ರಿ ಮನೇಗ್ ಹೋದ್ರೆ ಮಾತಾಡಕ್ ಒಂದು ನರಪಿಳ್ಳೆ ಇಲ್ಲ, ಟಿವಿ ಹಾಕ್ಕೊಂಡು ಅದುಕ್ಕೇ ಹೂಂ ಅಂತೀನಿ. ನಿಂಗೆ ನಾನು ಎಲ್ಲಾ ಕೆಲ್ಸ ಮುಗುದ್ ಮೇಲೆ ನೆಪ್ಪಾಗೋನಾದ್ರೆ ಹೇಳ್ಬುಡು. ನಾಳೆಯಿಂದ ಫೋನ್ ಮನೇಲೇ ಬುಟ್ಟು ಬತ್ತೀನಿ. ಕಾಯದೂ ಬುಟ್ಬುಡ್ತೀನಿ."

ಬೆರಳು ತೆಗೆದ. ಹೋಯಿತು. ಒಂದೇ ಬೂದು ಟಿಕ್ ಗೆರೆ ಬಿತ್ತು. ಅವಳ ಫೋನು ಇನ್ನೂ ಆಸ್ಪತ್ರೆಯ ಲಾಕರಿನಲ್ಲಿ ಆಫ್ ಆಗಿದ್ದಾಗ ಹಾಗೆ ಬೀಳುತ್ತಿತ್ತು. ಪಾಳಿ ಬಿಟ್ಟು ಅರ್ಧ ಗಂಟೆಯಾದರೂ ಆಫ್ ಯಾಕಿದೆ ಎಂದು ಅವನಿಗೆ ಹೊಳೆಯಲಿಲ್ಲ. ಸಿಟ್ಟಿನಲ್ಲಿದ್ದ.

ಒಳಗೆ ಬಂದರೆ ಭೂತಮ್ಮ ಮಚ್ಚನ್ನು ಕೆಳಗಿಟ್ಟು ಎಲೆಯಡಿಕೆ ಹಾಕುತ್ತಿದ್ದಳು. ಚಿಪ್ಪು ಒಡೆದು ಕೊಬ್ಬರಿಯನ್ನು ಇಡಿಯಾಗಿ ಉಂಡೆಯಂತೆ ತೆಗೆಯುವ ಹೆಂಗಸರಲ್ಲಿ ಅವಳೇ ಹಿರಿಯಳು. ಅವನ ಡಬ್ಬಿ ಹಾಗೇ ಇರುವುದನ್ನು ನೋಡಿ, ಇವತ್ತೂ ಫೋನ್ ಬರಲಿಲ್ಲವಾ ಎಂದು ಕೇಳಿದಳು. ರಾಜು ತಲೆಯಾಡಿಸಿದ.

"ಗಡಿಯಾರ ಸರ್ಯಾಗೈತಾ ನೋಡಪ್ಪ. ಸೆಲ್ಲೇನಾರ ಹೋಗಿದ್ದಾತು."

ಸೆಲ್ಲು ಹೋಗಿದ್ದರೆ ಹಿಂದೆ ಬೀಳುತ್ತದೆ, ಮುಂದೆ ಓಡುವುದಿಲ್ಲ ಎಂದು ಹೇಳಬೇಕೆನ್ನಿಸಿತು. ಆದರೂ ಫೋನಿನಲ್ಲಿ ನೋಡಿದ. ಲತಾ ಹೋಗುವಾಗ ಅದರಲ್ಲೂ ಡಬ್ಲಿನ್ ಎಂದು ಹಾಕಿಕೊಟ್ಟಿದ್ದಳು. ಗೋಡೆಯ ಮೇಲೆ ಗಡಿಯಾರವೇ ಇರುವಾಗ ಅವನು ಅದನ್ನು ತೆರೆದು ನೋಡಿರಲಿಲ್ಲ. ಈಗ ಗೋಡೆಯಲ್ಲಿ ಎಂಟು ಮುಕ್ಕಾಲು. ಫೋನಿನಲ್ಲಿ ಏಳು ಮುಕ್ಕಾಲು.

ಅವನು ಎರಡನ್ನೂ ಮತ್ತೆ ಮತ್ತೆ ನೋಡಿದ. ಆಗ ನೆನಪಾಯಿತು. ಅಲ್ಲಿ ಚಳಿಗಾಲಕ್ಕೆ ಗಡಿಯಾರವನ್ನೇ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ ಎಂದು ಅವಳು ಯಾವಾಗಲೋ ಹೇಳಿದ್ದಳು. ಇಡೀ ದೇಶ ಒಟ್ಟಿಗೆ ಮುಳ್ಳು ತಿರುಗಿಸುತ್ತದೆಯೇ ಎಂದು ಅವನು ತಮಾಷೆ ಮಾಡಿದ್ದ. ಅಕ್ಟೋಬರ್ ಮುಗಿಯುತ್ತಿತ್ತು. ಅವಳು ಈಗಲೂ ಎಂಟಕ್ಕೇ ಪಾಳಿ ಬಿಡುತ್ತಿದ್ದಳು, ಬಿಟ್ಟ ತಕ್ಷಣ ಅವನಿಗೇ ಫೋನ್ ಮಾಡುತ್ತಿದ್ದಳು. ಇಲ್ಲಿ ಅದೀಗ ಒಂದೂವರೆ, ಅವನು ಟ್ರ್ಯಾಕ್ಟರಿನ ಮೇಲಿರುವ ಹೊತ್ತು. ಅವಳು ಇನ್ನೂ ವಾರ್ಡಿನಲ್ಲಿದ್ದಳು, ಯಾರದೋ ತಾತನಿಗೆ ಮಾತ್ರೆ ಕೊಡುತ್ತಿರಬೇಕು.

ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ಬೂದು ಗೆರೆ ಇನ್ನೂ ಒಂದೇ ಇತ್ತು. ಅವಳಿಗೆ ತಲುಪಿರಲಿಲ್ಲ. ಸಂದೇಶವನ್ನು ಒತ್ತಿ ಹಿಡಿದ. ಎಲ್ಲರಿಗೂ ಅಳಿಸಬೇಕೇ ಎಂದು ಫೋನು ಕೇಳಿತು. ಅಳಿಸಿದರೆ ಮುಗಿಯಿತು, ಸಂದೇಶ ಅಳಿಸಲಾಗಿದೆ ಎಂಬ ಒಂದು ಸಾಲು ಉಳಿಯುತ್ತದೆ, ಅವಳು ಕೇಳಿದರೆ ಏನೋ ಕೈತಪ್ಪಿ ಹೋಯಿತು ಅನ್ನಬಹುದು.

ಆದರೆ ಟಿವಿಗೆ ಹೂಂ ಅನ್ನುವುದು ಸುಳ್ಳಲ್ಲವಲ್ಲ. ಅದಕ್ಕೂ ಗಡಿಯಾರಕ್ಕೂ ಸಂಬಂಧವಿರಲಿಲ್ಲ. ಆರು ತಿಂಗಳಲ್ಲಿ ಅವನು ಅವಳಿಗೆ ಹೇಳಿದ ನಿಜವಾದ ಮಾತು ಅದೊಂದೇ ಆಗಿತ್ತು. ಉಳಿದಂತೆ ಎಲ್ಲಾ ಚೆನ್ನಾಗಿದೆ, ಮಳೆ ಬಂತು, ರೇಟು ಏರಿತು, ಅಷ್ಟೇ. ಇದನ್ನು ಅಳಿಸಿದರೆ ಇನ್ನೊಂದು ಸಲ ಹೇಳುವ ಧೈರ್ಯ ಬರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಬೆರಳನ್ನು ಹಿಂದಕ್ಕೆ ತೆಗೆದ. ಆದರೆ ಒಂದೂವರೆಗೆ ಅವಳು ಕೇಳಿ ಫೋನ್ ಮಾಡಿದರೆ ಏನು ಹೇಳಲಿ ಎಂಬ ಭಯಕ್ಕೆ ಫೋನನ್ನೇ ಆಫ್ ಮಾಡಿ, ಅಂಗಿಯ ಜೇಬಿಗೆ ಹಾಕಿ, ಟ್ರ್ಯಾಕ್ಟರ್ ಹತ್ತಿದ. ಗಂಡಸಿನ ಧೈರ್ಯ ಅಷ್ಟರಲ್ಲೇ ಖರ್ಚಾಗಿತ್ತು.

ಅದನ್ನು ಮತ್ತೆ ಆನ್ ಮಾಡಿದ್ದು ಮಾರನೇ ದಿನ ಮಧ್ಯಾಹ್ನ, ಶೆಡ್ಡಿನಲ್ಲಿ. ನಾಲ್ಕು ಮಿಸ್ಡ್ ಕಾಲ್ ಇದ್ದವು. ಅವುಗಳ ಕೆಳಗೆ ಅವಳದೊಂದು ಧ್ವನಿ ಸಂದೇಶ. ಅದರ ಉದ್ದ ನೋಡಿ ರಾಜು ಹೆದರಿದ. ನಲವತ್ತು ನಿಮಿಷ. ಇಷ್ಟೊಂದು ಬೈಗುಳ ಒಂದೇ ಸಲಕ್ಕೆ ಯಾರಿಗೂ ಬಂದಿರಲಾರದು. ಕಾಯಿಯ ರಾಶಿಯ ಪಕ್ಕ ಕೂತು ಫೋನನ್ನು ಕಿವಿಗಿಟ್ಟುಕೊಂಡ.

"ರೀ, ಬಸ್ಸಲ್ಲೇ ಕೇಳಿದೆ. ನಾಲ್ಕು ಸಲ ಮಾಡಿದೆ, ಆಫ್ ಬರ್ತೈತೆ. ಇಲ್ಲಿ ಟೈಮ್ ಬದ್ಲಾಯ್ತು ಕಣ್ರೀ, ಶನಿವಾರ ರಾತ್ರಿ. ಹೇಳೋದು ಮರ್ತೇಬುಟ್ಟೆ. ಆವತ್ತು ಡ್ಯೂಟೀಲಿದ್ದೆ, ನಡುರಾತ್ರೀಲಿ ಅದೇ ಒಂದು ಗಂಟೆ ಎರಡೆರಡು ಸಲ ಬಂತು. ಹದಿಮೂರು ಗಂಟೆ ನಿಂತಿದ್ದೆ." ಅವಳು ಮೂಗು ಒರೆಸಿಕೊಂಡಿದ್ದು ಕೇಳಿಸಿತು. ಹಾಸಿಗೆಯ ಮೇಲೆ ಬಟ್ಟೆ ಸರಿದ ಸದ್ದು. "ಆದ್ರೆ ಟೈಮ್ ಸರ್ಯಾಗಿದ್ರೂ ನೀವು ಹೇಳಿದ್ದು ದಿಟವೇ. ನಂಗೂ ಹಂಗೇ ಆಗ್ತದೆ. ಇಲ್ಲಿ ಮನೇಗ್ ಬಂದ್ರೆ ಗೋಡೆ ನೋಡ್ತೀನಿ. ನೀವು ಚೆನ್ನಾಗಿವ್ನಿ ಅಂತಿದ್ರಿ, ನಾನೂ ಚೆನ್ನಾಗಿವ್ನಿ ಅಂತಿದ್ದೆ. ಕಾಯೋದು ಬುಡಬೇಡಿ ರೀ. ಇವತ್ತು ಎಲ್ಲಾ ಹೇಳ್ತೀನಿ, ಕೇಳಿ. ಮೊದ್ಲು ಏನಾಯ್ತು ಅಂದ್ರೆ, ಇಲ್ಲಿಗೆ ಬಂದ ದಿವ್ಸ..."

ಮಾತು ಅಲ್ಲಿಗೆ ನಿಂತಿತು. ರಾಜು ಕಾದ. ಫೋನು ಕೆಟ್ಟಿತೇನೋ ಎಂದು ನೋಡಿದರೆ ಅದು ಓಡುತ್ತಲೇ ಇತ್ತು. ಮತ್ತೆ ಕಿವಿಗೊಟ್ಟ. ನಿಧಾನವಾಗಿ, ದೂರದಿಂದ, ಉಸಿರಾಟ ಕೇಳಿಸಿತು. ಸುಸ್ತಾದಾಗ ಬರುವ ಅವಳ ಸಣ್ಣ ಗೊರಕೆಯೂ ಒಮ್ಮೆ ಬಂತು. ಮದುವೆಯಾದ ಹೊಸದರಲ್ಲಿ ಅದನ್ನು ಆಡಿಕೊಂಡು ಅವನು ಬೈಸಿಕೊಂಡಿದ್ದ.

ಸಂದೇಶದ ಕೆಳಗೆ, ಅಲ್ಲಿನ ಸಂಜೆ ಡ್ಯೂಟಿಗೆ ಹೊರಡುವಾಗ ಅವಳು ಬರೆದಿದ್ದು ಇತ್ತು: "ನಿದ್ದೆ ಹೋಗ್ಬುಟ್ಟೆ. ರೆಕಾರ್ಡ್ ಆಗ್ತಾನೇ ಇತ್ತು. ಅಳಿಸೋಣ ಅಂದ್ಕೊಂಡೆ. ಆಮೇಲೆ ಇರ್ಲಿ ಅಂತ ಹಂಗೇ ಕಳಿಸ್ತಿದೀನಿ."

ರಾಜುವಿನ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲಿಲ್ಲ. ಆರು ತಿಂಗಳಿಂದ ಅವನಿಗೆ ಬೇಕಾಗಿದ್ದದ್ದು ಇದೇ ಆಗಿತ್ತು, ಅವನಿಗೇ ಗೊತ್ತಿರಲಿಲ್ಲ.

ಕಿವಿಗೆ ಒತ್ತಿ ಕೈ ಸೋತಿತು. ಸದ್ದು ಹೆಚ್ಚಿಸಿ ಫೋನನ್ನು ಕೊಬ್ಬರಿ ಚೀಲದ ಮೇಲೆ ಮಲಗಿಸಿದ. ಅಷ್ಟರಲ್ಲಿ ಊಟ ಮುಗಿಸಿದ ಹೆಂಗಸರು ಬಂದು ಕೂತರು. ಭೂತಮ್ಮ ಕಾಯೊಂದನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಬಿಟ್ಟುಕೊಂಡು ಗಡಗಡ ಅಂದಿದ್ದು ಕೇಳಿ, ಒಡೆಯಲು ಮಚ್ಚೆತ್ತಿದಳು.

"ವಸಿ ತಡಿಯಮ್ಮ," ಎಂದು ರಾಜು ಕೈ ಅಡ್ಡ ಹಿಡಿದ. "ಲತಾ ಮಲಗವ್ಳೆ."

ಭೂತಮ್ಮ ಅವನ ಮುಖ ನೋಡಿದಳು, ಚೀಲದ ಮೇಲಿದ್ದ ಫೋನನ್ನು ನೋಡಿದಳು. ಮಚ್ಚನ್ನು ಸದ್ದಾಗದ ಹಾಗೆ ಮಡಿಲಲ್ಲಿಟ್ಟುಕೊಂಡು, ಉಳಿದ ಹೆಂಗಸರಿಗೂ ಸುಮ್ಮನಿರುವಂತೆ ಕಣ್ಣಿನಲ್ಲೇ ಹೇಳಿದಳು.