ಹತ್ತಕ್ಕೆ ಹತ್ತು

ದಿನಾಂಕ ಮೀರಿದ ಹಾಲು ಗಿರಾಕಿಗಳ ಕೈ ಸೇರುತ್ತಿದೆಯೆಂದು ಏಳನೆಯ ಅಂಗಡಿಯಿಂದ ಮೇಲಿಂದ ಮೇಲೆ ದೂರು ಬರುತ್ತಿತ್ತು. ಹನ್ನೆರಡು ಅಂಗಡಿಗಳನ್ನು ನೋಡಿಕೊಳ್ಳುವ ಮ್ಯಾನೇಜರು ಸರಕು ಜೋಡಿಸುವ ಕೋರ್ಸೊಂದನ್ನು ಆಗಲೇ ಆರಿಸಿಟ್ಟಿದ್ದರು.

“ಮೊದಲು ಯಾರಿಗೆ ಏನು ಬರಲ್ಲ ಅಂತ ನೋಡೋಣ ಸರ್. ಕಾಯಿಲೆ ತಿಳೀದೆ ಕಷಾಯ ಕುಡಿಸೋದು ಬೇಡ” ಎಂದು ತರಬೇತಿ ವಿಭಾಗದವಳು ಹಟ ಹಿಡಿದು ಒಂದು ವಾರ ಪಡೆದಳು.

ಹಾಲಿನ ಕಪಾಟಿನ ಹೊಣೆ ಒಬ್ಬಳದೇ. ಹದಿನಾಲ್ಕು ವರ್ಷದಿಂದ ಅಲ್ಲೇ ನಿಂತು ಎಲ್ಲರ ಬಾಯಲ್ಲೂ ಹಾಲಕ್ಕನಾದವಳು. ಎರಡು ಎಚ್ಚರಿಕೆ ಪತ್ರ ಬಂದಿದ್ದವು. ಮೂರನೆಯದು ಬಂದರೆ ಮನೆ ದಾರಿ.

“ಪರೀಕ್ಷೆ ಅಂದ್ರೆ ಕೈಕಾಲು ನಡುಗುತ್ತೆ ಮೇಡಂ. ಶಾಲೆ ಬಿಟ್ಟಿದ್ದೇ ಅದಕ್ಕೆ.”

“ಇದರಲ್ಲಿ ಪಾಸು ಫೇಲು ಇಲ್ಲಕ್ಕ. ಏನು ಕಲಿಸಬೇಕು ಅಂತ ತಿಳ್ಕೊಳ್ಳೋಕಷ್ಟೇ. ನಿಮಗೇನೂ ತೊಂದರೆಯಾಗಲ್ಲ, ನನ್ನ ಮಾತು.”

ಪರೀಕ್ಷೆಗೆಂದು ಅದಲುಬದಲು ಮಾಡಿಟ್ಟ ಪೊಟ್ಟಣಗಳನ್ನು ಹಾಲಕ್ಕ ದಿನಾಂಕ ನೋಡಿ ಬೇರ್ಪಡಿಸಿದಳು, ಸೋರುವುದನ್ನು ಎತ್ತಿಟ್ಟಳು, ಕಪಾಟಿನ ತಂಪು ಓದಿ ಹೇಳಿದಳು. “ಹಳೇದು ಮುಂದೆ, ಹೊಸದು ಹಿಂದೆ. ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಇದನ್ನೇ ಹೇಳೋದು. ಗಂಡನ ಹೆಸರು ಬೇಕಾದ್ರೆ ಮರೆತೇನು!” ಹತ್ತು ಕೆಲಸಕ್ಕೆ ಹತ್ತು ಅಂಕ.

ಮುಂದಿನ ಮೂರು ಬೆಳಗು ತರಬೇತಿಯವಳು ಗಡಿಯಾರ ಹಿಡಿದು ಕಪಾಟಿನ ಪಕ್ಕ ನಿಂತಳು. ಹಾಲಿನ ಗಾಡಿ ಬರುವುದು ಏಳೂ ಇಪ್ಪತ್ತಕ್ಕೆ, ಬಾಗಿಲು ತೆರೆಯುವುದು ಎಂಟಕ್ಕೆ. ಹಳೆಯದನ್ನೆಲ್ಲ ಮುಂದೆಳೆದು ಜೋಡಿಸಲು ಒಬ್ಬಳಿಗೆ ಒಂದೂಕಾಲು ತಾಸು ಬೇಕು. ಹೋದ ವರ್ಷದವರೆಗೆ ಇಬ್ಬರಿದ್ದರು. ಈಗ ಹೊಸದನ್ನು ಮುಂದಕ್ಕೇ ತುರುಕದೆ ಗತಿಯಿಲ್ಲ. ಹಿಂದೆ ಸಿಕ್ಕಿಕೊಂಡದ್ದು ಅಲ್ಲೇ ದಿನ ಮೀರಿ, ಮುಂದಿನದು ಖಾಲಿಯಾದಾಗ ಗಿರಾಕಿಯ ಕೈಗೆ ಬರುತ್ತಿತ್ತು.

‘ಕೌಶಲದ ಕೊರತೆ ಇಲ್ಲ. ಕೋರ್ಸು ಬೇಡ. ಬೆಳಗ್ಗೆ ಇನ್ನೊಬ್ಬರು ಬೇಕು’ ಎಂದು ಬರೆದು ಸಹಿ ಹಾಕಿದಳು.

ಮ್ಯಾನೇಜರು ಮೊದಲ ಪುಟದಲ್ಲೇ ನಿಂತರು. “ಹಾಗಾದ್ರೆ ಆಕೆಗೆ ಕೆಲಸ ಬರುತ್ತೆ?”

“ಎಲ್ಲರಿಗಿಂತ ಚೆನ್ನಾಗಿ, ಸರ್.”

“ಬರದಿದ್ರೆ ಕಲಿಸ್ತಿದ್ವಿ. ಗೊತ್ತಿದ್ದೂ ಮಾಡದಿದ್ರೆ ಅಸಡ್ಡೆ ಅಲ್ವೇನಮ್ಮ?”

“ಎರಡನೇ ಪುಟ ನೋಡಿ ಸರ್. ಹೊತ್ತು ಸಾಲ್ತಿಲ್ಲ ಅವರಿಗೆ.”

“ಆಳು ಕೊಡೋದು ನನ್ನ ಕೈಲಿಲ್ಲ. ಕೋರ್ಸು ಕೈಲಿತ್ತು, ನೀವೇ ಬೇಡ ಅಂದ್ರಿ.”

“ಹಾಗಾದ್ರೆ ಕೋರ್ಸೇ ಕೊಡಿ ಸರ್!”

“ಬರೋರಿಗೆ ಯಾಕಮ್ಮ ಕೋರ್ಸು?” ಎನ್ನುತ್ತ ಅಂಕದ ಹಾಳೆಯನ್ನು ಮೂರನೆಯ ಪತ್ರಕ್ಕೆ ಸಾಕ್ಷಿಯಾಗಿ ಪಿನ್ನು ಹೊಡೆದರು.

ಪತ್ರ ತಲುಪುವ ಮೊದಲು ತಾನೇ ಹೇಳಬೇಕೆಂದು ಅವಳು ಅಂಗಡಿಗೆ ಹೋದಳು. ಹಾಲಕ್ಕ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ನಕ್ಕಳು.

“ಬನ್ನಿ ಮೇಡಂ. ಆ ಹಾಳೆ ನಂಗೊಂದು ಕೊಡ್ತೀರಾ? ಜನ್ಮದಲ್ಲಿ ಮೊದಲನೇ ಸಲ ಪೂರ್ತಿ ಅಂಕ. ನನ್ನ ಮಗಳಿಗೆ ತೋರಿಸ್ಬೇಕು.”

“ಹಾಳೆ ನಿಮ್ಮ ಕೈಗೇ ಬರುತ್ತಕ್ಕ” ಎಂದಳು ಅವಳು. ಅದನ್ನು ಪಿನ್ನು ಹೊಡೆದ ಪತ್ರದ ಮಾತೆತ್ತದೆ ಬಾಗಿಲತ್ತ ತಿರುಗಿದಳು.