ಮಣಿಯೊಳಗಿನ ನೇರಳೆ

ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಕೂತು ಫೋಟೋ ತಿದ್ದುವ ಹೆಂಗಸನ್ನು ಬೀದಿಯವರೆಲ್ಲ ಜೂಮಕ್ಕ ಎಂದೇ ಕರೆಯುತ್ತಿದ್ದರು. ಯಾವ ಚಿತ್ರ ಕೈಗೆ ಬಂದರೂ ಅವಳು ಮೊದಲು ಮುಖ ನೋಡುವವಳಲ್ಲ. ಒಂದು ರೆಪ್ಪೆಗೂದಲು ಪರದೆಯ ತುಂಬ ಬರುವಷ್ಟು ದೊಡ್ಡದು ಮಾಡಿಕೊಂಡು, ಅಲ್ಲಿಂದ ಹಿಂದಕ್ಕೆ ಬರುತ್ತಿದ್ದಳು. ಮುಂದಿನ ಅಂಗಡಿ, ಕ್ಯಾಮೆರಾ, ಗಿರಾಕಿಗಳ ಜೊತೆ ಮಾತು, ಇವೆಲ್ಲ ಅವಳ ಭಾವನ ಪಾಲು. ಭಾವ ಮಾತು ಶುರುಮಾಡಿದರೆ ನಿಲ್ಲಿಸಲು ಇನ್ನೊಬ್ಬ ಗಿರಾಕಿ ಬರಬೇಕಿತ್ತು. ಜೂಮಕ್ಕನಿಗೋ, ಬಾಗಿಲು ಮುಂದೆ ಮಾಡಿಕೊಂಡು ತನ್ನ ಪಾಡಿಗೆ ತಾನಿರುವುದೇ ಹಿತ.

ಅವತ್ತು ಮಧ್ಯಾಹ್ನ ಆ ಬಾಗಿಲು ತಳ್ಳಿಕೊಂಡು ಒಳಗೆ ಬಂದವಳು ತಿಂಗಳ ಹಿಂದೆ ಮದುವೆಯಾದ ಹುಡುಗಿ. ಅವಳ ಮದುವೆಯ ಫೋಟೋ ತೆಗೆದವರು ಭಾವನೇ. ಆಲ್ಬಮ್ ಇನ್ನೂ ಅಚ್ಚಿಗೆ ಹೋಗಿರಲಿಲ್ಲ.

"ಅಕ್ಕಾ, ಆಲ್ಬಮ್‌ನಲ್ಲಿ ನನ್ನ ಬ್ಲೌಸಿನ ಬಣ್ಣ ಬದಲಾಯಿಸ್ಬೇಕು," ಅಂದಳು, ಕುರ್ಚಿಯ ತುದಿಯಲ್ಲಿ ಕೂತು. "ಕಸೂತಿ ಮಾತ್ರ ಒಂದು ಎಳೆನೂ ಅತ್ತಿತ್ತ ಆಗ್ಬಾರ್ದು."

ಜೂಮಕ್ಕ ಫೋಟೋ ತೆರೆದಳು. ಕೆನೆ ಬಣ್ಣದ ಲಂಗ, ಮರೂನ್ ಬಣ್ಣದ ತೆಳು ಜಾಲರಿ ದುಪಟ್ಟಾ, ಅದರ ಅಂಚಿಗೆ ಬಂಗಾರದ ಪಟ್ಟಿ. ನಡುವೆ ಎದ್ದು ಕೂತಂತೆ ಹೊಳೆಯುವ ನೇರಳೆ ಬಣ್ಣದ ಸ್ಯಾಟಿನ್ ರವಿಕೆ. ದುಪಟ್ಟಾಕ್ಕೂ ರವಿಕೆಗೂ ಮಾತಿರಲಿ, ಮುಖ ನೋಡುವಷ್ಟು ಸ್ನೇಹವೂ ಇರಲಿಲ್ಲ. ಆದರೆ ರವಿಕೆಯ ಮೇಲಿನ ಕೆಲಸ ನೋಡಿ ಜೂಮಕ್ಕನ ಕೈ ಮೌಸಿನ ಮೇಲೇ ನಿಂತುಬಿಟ್ಟಿತು. ಕುತ್ತಿಗೆಯ ಸುತ್ತ ಬಂಗಾರದ ನೂಲಿನ ಬಳ್ಳಿ, ಎಲೆಗೊಂದು ನರ, ತೋಳಿನ ತುದಿಯಲ್ಲಿ ಸಾಸಿವೆಯಷ್ಟು ಸಣ್ಣ ಗಾಜಿನ ಮಣಿಗಳ ಸಾಲು.

"ಯಾರು ಮಾಡಿದ್ದು ಇದು?"

"ಅಮ್ಮ. ನಾಲ್ಕು ತಿಂಗಳು ಕೂತು ಮಾಡಿದ್ರು."

ವಿಷಯ ಆಮೇಲೆ ನಿಧಾನವಾಗಿ ಹೊರಬಿತ್ತು. ಅಮ್ಮ ಬಟ್ಟೆ ಹೊಲಿದು, ಕಸೂತಿ ಹಾಕಿ ಬದುಕು ಕಟ್ಟಿಕೊಂಡವರು. ಎರಡೂ ಕಣ್ಣಿಗೆ ಪೊರೆ ಬಂದದ್ದು ಅವರಿಗೇ ಸರಿಯಾಗಿ ಗೊತ್ತಾಗಿರಲಿಲ್ಲ. ಪೊರೆ ಒಂದೇ ದಿನ ಬರುವುದಲ್ಲವಲ್ಲ. ಲೋಕ ದಿನಕ್ಕಿಷ್ಟು ಹಳದಿಯಾಗುತ್ತಾ, ಕಂದಾಗುತ್ತಾ ಹೋಗಿ, ಅದೇ ಸಹಜ ಅನಿಸಿಬಿಟ್ಟಿತ್ತು. ದುಪಟ್ಟಾಕ್ಕೆ ಹೊಂದುವ ಬಟ್ಟೆ ತರಲು ಒಬ್ಬರೇ ಹೋದವರು ಮರೂನ್ ಅಂದುಕೊಂಡು ನೇರಳೆ ತಂದಿದ್ದರು. ಹತ್ತಿರ ಹಿಡಿದುಕೊಂಡರೆ ಹೊಲಿಗೆ ಕಾಣುತ್ತಿತ್ತು, ಬೆರಳಿಗಂತೂ ಅಭ್ಯಾಸವೇ ಇತ್ತು. ಕೆಟ್ಟದ್ದು ಬಣ್ಣ ಮಾತ್ರ.

"ನಾನು ನೋಡೋ ಹೊತ್ತಿಗೆ ಅರ್ಧ ಕಸೂತಿ ಮುಗಿದಿತ್ತು. ಬಾಯಿಬಿಡಕ್ಕೆ ಆಗ್ಲಿಲ್ಲ," ಅಂದಳು ಹುಡುಗಿ. "ಹೋದ ವಾರ ಒಂದು ಕಣ್ಣಿನ ಆಪರೇಷನ್ ಆಯ್ತು. ಈಗ ಎಲ್ಲ ಪಳಪಳ ಅಂತ ಕಾಣುತ್ತಂತೆ. ಆಲ್ಬಮ್ ನೋಡಿದ್ರೆ ಮುಗೀತು."

"ಬ್ಲೌಸೇ ಕಣ್ಣಿಗೆ ಬಿದ್ರೆ?"

"ಬೀರುವಿನ ತಳದಲ್ಲಿದೆ. ಕೇಳಿದ್ರೆ ಅತ್ತೆ ಮನೇಲಿದೆ ಅಂತೀನಿ."

"ಅತ್ತೆ ಮನೇಲೇ ತಾನೆ ಇರೋದು?"

"ಹೌದಲ್ವಾ! ಹಾಗಾದ್ರೆ ಸುಳ್ಳೂ ಅಲ್ಲ," ಎಂದು ಹುಡುಗಿ ನಕ್ಕಳು. ಹೋಗುವ ಮುನ್ನ ಮತ್ತೊಮ್ಮೆ ತಿರುಗಿ, "ಅಮ್ಮಂಗೆ ಗೊತ್ತಾಗ್ಬಾರ್ದು ಅಕ್ಕಾ," ಅಂದಳು.

ಬಣ್ಣ ಬದಲಾಯಿಸುವುದು ಅಂದರೆ ಬಣ್ಣ ಬಳಿಯುವುದಲ್ಲ. ಬಳಿದರೆ ಸ್ಯಾಟಿನ್ ಹೋಗಿ ಗೋಡೆಯಾಗುತ್ತದೆ. ಜೂಮಕ್ಕ ಮೊದಲು ರವಿಕೆಯ ಬಟ್ಟೆಯನ್ನಷ್ಟೇ ಎಳೆಎಳೆಯಾಗಿ ಬಿಡಿಸಿಕೊಂಡಳು. ಅದರ ಮೇಲೆ ಹೊಸ ಬಣ್ಣದ ಒಂದು ಪದರ ಹಾಸಿ, ಕೆಳಗಿನ ಬೆಳಕು, ನೆರಳು, ಮಡಿಕೆಗಳೆಲ್ಲ ಹಾಗೇ ಉಳಿದು ಬಣ್ಣವೊಂದೇ ತಿರುಗುವಂತೆ ಮಾಡಿದಳು. ಸ್ಯಾಟಿನ್ನಿನ ಹೊಳಪಿನ ಗೆರೆ ಹೆಚ್ಚುಕಡಿಮೆ ಬಿಳುಪು. ಅದಕ್ಕೂ ಮರೂನ್ ತಾಗಿದರೆ ಬಟ್ಟೆ ಸತ್ತಹಾಗೆ ಕಾಣುತ್ತದೆಂದು ಅಲ್ಲಿ ಬಣ್ಣವನ್ನು ತೆಳುಮಾಡಿದಳು. ಮರೂನ್ ಇನ್ನೂ ಗಾಢ ಬಣ್ಣವಾದ್ದರಿಂದ ಒಟ್ಟು ಬಟ್ಟೆಯನ್ನು ಒಂದು ಚೂರು ಕಪ್ಪಾಗಿಸಿದಳು. ಹುಡುಗಿಯ ಗಲ್ಲದ ಕೆಳಗೆ ರವಿಕೆಯ ನೇರಳೆ ಛಾಯೆ ಬಿದ್ದಿತ್ತು. ಅದನ್ನೂ ಒರೆಸಿದಳು. ದುಪಟ್ಟಾದ ಜಾಲರಿ ತೋಳಿನ ಮೇಲೆ ಬಿದ್ದ ಕಡೆ ಕಂಡಿಕಂಡಿಯಲ್ಲಿ ಇಣುಕುವ ನೇರಳೆಯನ್ನೂ ಬಿಡಲಿಲ್ಲ. ಕಸೂತಿಯನ್ನು ಮಾತ್ರ ಪೂರ್ತಿಯಾಗಿ ಮುಚ್ಚಿಟ್ಟಳು. ನೂಲು, ಮಣಿ ಯಾವುದಕ್ಕೂ ಹೊಸ ಬಣ್ಣ ಸೋಕದ ಹಾಗೆ.

ಆಲ್ಬಮ್ಮಿಗೆ ಆರಿಸಿದ್ದು ಮೂವತ್ತೆರಡು ಫೋಟೋ. ಐದು ದಿನ ಹಿಡಿಯಿತು. ಹುಡುಗಿಗೆ ಫೋನಿನಲ್ಲಿ ಒಂದನ್ನು ಕಳಿಸಿದಾಗ, "ನಾನು ನಿಜವಾಗ್ಲೂ ಇದನ್ನೇ ಹಾಕ್ಕೊಂಡಿದ್ದೆ ಅನ್ಸುತ್ತೆ ಅಕ್ಕಾ," ಎಂಬ ಉತ್ತರ ಬಂತು. ಜೂಮಕ್ಕನಿಗೆ ಒಳಗೊಳಗೇ ಹೆಮ್ಮೆ. ಭಾವ ಮಾದರಿಗೆಂದು ನಾಲ್ಕು ಪ್ರಿಂಟ್ ಹಾಕಿ ಮುಂದಿನ ಗಾಜಿನ ಮೇಜಿನ ಮೇಲೆ ಹರಡಿಟ್ಟರು.

ಕಣ್ಣಿನ ಆಸ್ಪತ್ರೆ ಅದೇ ಬೀದಿಯ ತುದಿಯಲ್ಲಿತ್ತು ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ತಪಾಸಣೆ ಮುಗಿಸಿ, ಕಪ್ಪು ಕನ್ನಡಕ ಹಾಕಿಕೊಂಡು ಬರುತ್ತಿದ್ದ ಹುಡುಗಿಯ ಅಮ್ಮ, ಸ್ಟುಡಿಯೋ ಕಂಡು ಒಳಗೆ ಬಂದರು. ಭಾವನಿಗೆ ಗುಟ್ಟಿನ ವಿಷಯ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಅದು ಗುಟ್ಟಾಗಿಯೂ ಉಳಿಯುತ್ತಿರಲಿಲ್ಲ. "ಬನ್ನಿ ಬನ್ನಿ, ಮಗಳ ಫೋಟೋ ರೆಡಿ ಇದೆ!" ಎಂದು ಅವರು ಉಬ್ಬಿ ಪ್ರಿಂಟನ್ನು ಕೈಗೇ ಕೊಟ್ಟರು.

ಒಳಗಿನಿಂದ ಕೇಳಿಸಿಕೊಂಡ ಜೂಮಕ್ಕ ಎದ್ದು ಬರುವಷ್ಟರಲ್ಲಿ ಅಮ್ಮ ಕನ್ನಡಕ ತೆಗೆದು ಫೋಟೋವನ್ನು ಬೆಳಕಿಗೆ ಹಿಡಿದಿದ್ದರು. ಬಹಳ ಹೊತ್ತು ನೋಡಿದರು. ಮುಖ ಅರಳಿತು. ಆಮೇಲೆ ಹುಬ್ಬು ಗಂಟಾಯಿತು.

"ಇದನ್ನ ತಿದ್ದಿದ್ದು ಯಾರು?"

"ನಾನೇ ಅಮ್ಮಾ."

"ಈ ತೋಳಿನ ಮಣಿ ನೋಡಿ. ಇವು ಬಣ್ಣ ಇಲ್ದಿರೋ ಗಾಜಿನ ಮಣಿ. ನಾನೇ ಒಂದೊಂದಾಗಿ ಪೋಣಿಸಿದ್ದು. ಕೆಳಗೆ ಯಾವ ಬಟ್ಟೆ ಇರುತ್ತೋ ಆ ಬಣ್ಣಾನೇ ಹೀರ್ಕೊಳ್ಳುತ್ತೆ. ಬಟ್ಟೆ ಮರೂನು, ಮಣಿ ಒಳಗೆ ನೇರಳೆ ಹೇಗೆ ಬಂತು?"

ಜೂಮಕ್ಕ ಬಗ್ಗಿ ನೋಡಿದಳು. ಹೌದು. ಕಸೂತಿಗೆ ಏನೂ ತಾಗಬಾರದೆಂದು ಮಣಿಗಳನ್ನೂ ಮುಚ್ಚಿಟ್ಟಿದ್ದಳು. ಪ್ರತಿ ಮಣಿಯ ಹೊಟ್ಟೆಯಲ್ಲೂ ಹಳೆಯ ಬಟ್ಟೆಯ ಒಂದು ಹನಿ ಬಣ್ಣ ಹಾಗೇ ಕೂತಿತ್ತು. ಲೋಕದ ರೆಪ್ಪೆಗೂದಲನ್ನೆಲ್ಲ ಎಣಿಸುವ ಅವಳ ಕಣ್ಣಿಗೆ ಅದು ಬಿದ್ದಿರಲಿಲ್ಲ. ಇನ್ನು ಮುಚ್ಚಿಡುವುದು ಬೇಡವೆನಿಸಿತು.

"ಒಳಗೆ ಬನ್ನಿ," ಅಂದಳು.

ಪರದೆಯ ಮೇಲೆ ಎರಡು ಫೋಟೋಗಳನ್ನು ಅಕ್ಕಪಕ್ಕ ಇಟ್ಟಳು, ತೆಗೆದದ್ದು ಒಂದು, ತಿದ್ದಿದ್ದು ಇನ್ನೊಂದು. ಅಮ್ಮ ಎಡಗಣ್ಣು ಮುಚ್ಚಿಕೊಂಡು ನೋಡಿದರು. ಅದು ಆಪರೇಷನ್ ಆದ ಕಣ್ಣು. ಆಮೇಲೆ ಅದನ್ನು ತೆರೆದು ಬಲಗಣ್ಣು ಮುಚ್ಚಿದರು. ಹಾಗೆ ಮೂರು ನಾಲ್ಕು ಸಲ.

"ಈ ಹಳೇ ಕಣ್ಣಿಗೆ ಎರಡೂ ಒಂದೇ," ಅಂದರು ಮೆಲ್ಲಗೆ. "ಮಸುಕಾಗಿ, ಎರಡೂ ಮರೂನು. ಈ ಕಣ್ಣಿಗೆ..."

ಜೂಮಕ್ಕ ನೀರು ತಂದುಕೊಟ್ಟಳು. ಹೊರಗೆ ಹೋಗಿ ಹುಡುಗಿಗೆ ಫೋನ್ ಮಾಡಿ, ಅಡಗಿಸದೆ ಆದದ್ದನ್ನೆಲ್ಲ ಹೇಳಿದಳು. ಅರ್ಧ ಗಂಟೆಯಲ್ಲಿ ಹುಡುಗಿ ಕೆಲಸದಿಂದ ಓಡೋಡಿ ಬಂದಳು. ಕುತ್ತಿಗೆಯಲ್ಲಿ ಆಫೀಸಿನ ಗುರುತಿನ ಚೀಟಿ ಇನ್ನೂ ತೂಗುತ್ತಿತ್ತು.

"ಅಷ್ಟು ಜನರ ಮುಂದೆ ಹೀಗೇ ನಿಂತಿದ್ಯಾ?" ಅಂದರು ಅಮ್ಮ, ಪರದೆಯಿಂದ ಕಣ್ಣು ಕೀಳದೆ.

"ಹೂಂ."

"ಯಾರೂ ಏನೂ ಅನ್ಲಿಲ್ವಾ?"

"ಚಿಕ್ಕಮ್ಮ ಅಂದ್ರು. ಇದು ಹೊಸ ಫ್ಯಾಷನ್ನು, ನಿಮಗೆ ಗೊತ್ತಾಗಲ್ಲ ಅಂದೆ."

"ಒಂದು ಮಾತು ಹೇಳಿದ್ರೆ ಬೇರೆ ಹೊಲಿತಿದ್ನಲ್ಲೇ."

"ಅದಕ್ಕೇ ಹೇಳ್ಲಿಲ್ಲ. ಮತ್ತೆ ನಾಲ್ಕು ತಿಂಗಳು ಆ ಕಣ್ಣಿಟ್ಕೊಂಡು ಕೂರ್ತಿದ್ದೆ ನೀನು."

ಅಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳಲು ಹೋದಾಗ ಹುಡುಗಿ ಗಾಬರಿಯಾಗಿ ಕೈಹಿಡಿದಳು. "ಕಣ್ಣು ಉಜ್ಜಬೇಡ! ಡಾಕ್ಟ್ರು ಹೇಳಿಲ್ವಾ?" ಆ ಗಾಬರಿಗೆ ಅಮ್ಮನಿಗೆ ನಗು ಬಂತು. ಅಳುವಿನ ಜೊತೆಗೇ ಬಂದ ನಗು. ಹುಡುಗಿಯೂ ನಕ್ಕಳು. ಜೂಮಕ್ಕ ಮೇಜಿನ ಮೇಲಿದ್ದ ಪೆನ್ನುಗಳನ್ನು ಜೋಡಿಸುವವಳಂತೆ ಅತ್ತ ತಿರುಗಿ ಕೂತಳು.

ಸ್ವಲ್ಪ ಹೊತ್ತಾದ ಮೇಲೆ ಅವಳೇ ಕೇಳಿದಳು. "ಈಗ ಏನು ಮಾಡ್ಲಿ? ಮಣಿ ಸರಿಮಾಡಿ ಮರೂನೇ ಇಡ್ಲಾ, ಎಲ್ಲ ತೆಗೆದುಹಾಕಿ ಮೊದಲಿನ ಹಾಗೇ ಮಾಡ್ಲಾ?"

"ಮೊದಲಿನ ಹಾಗೇ," ಅಂದರು ಅಮ್ಮ.

"ಮೊದಲಿನ ಹಾಗೆ ಬೇಡಮ್ಮಾ," ಅಂದಳು ಮಗಳು, ತುಸು ಸಂಕೋಚದಿಂದ. "ನಿಜ ಹೇಳ್ಲಾ? ಅದು ದುಪಟ್ಟಾ ಜೊತೆ ಸ್ವಲ್ಪನೂ ಹೊಂದಲ್ಲ."

ಅಮ್ಮ ಮತ್ತೆ ಪರದೆ ನೋಡಿದರು. ಈಗ ನೋಡುತ್ತಿದ್ದವಳು ತಾಯಿಯಲ್ಲ, ಹೊಲಿಗೆಯವಳು. "ನಿಜ, ಹೊಂದಲ್ಲ," ಎಂದು ಒಪ್ಪಿಕೊಂಡರು. "ಆದ್ರೆ ಬ್ಲೌಸು ನನ್ನ ಕೈಕೆಲ್ಸ. ಅದನ್ನ ಮುಟ್ಟಬೇಡಿ. ದುಪಟ್ಟಾ ಅಂಗಡೀದು ತಾನೆ? ಅದರ ಬಣ್ಣ ಬದಲಾಯಿಸಿ."

ಇಷ್ಟು ಸಲೀಸಾದ ಮಾತು ಐದು ದಿನವೂ ಜೂಮಕ್ಕನ ತಲೆಗೆ ಹೊಳೆದಿರಲಿಲ್ಲ. ಆಮೇಲೆ ಜಾಲರಿ ನೆನಪಾಯಿತು. ರವಿಕೆಯಾದರೋ ಗಟ್ಟಿ ಬಟ್ಟೆ. ಜಾಲರಿಯ ತುಂಬ ಕಂಡಿ. ಒಂದೊಂದು ಕಂಡಿಯಲ್ಲೂ ಕೂದಲು, ಭುಜ, ಹಿಂದಿನ ಹೂವು. ಎಲ್ಲಕ್ಕೂ ಒಂದೇ ಸಮ ಬಣ್ಣ ಹಾಕಿದರೆ ಹುಡುಗಿಯ ಭುಜವೇ ನೇರಳೆಯಾಗುತ್ತದೆ.

"ಕಷ್ಟದ ಕೆಲಸ ಅಮ್ಮಾ," ಅಂದಳು. "ಮಾಡ್ತೀನಿ. ಬಣ್ಣ ಮಾತ್ರ ನೀವೇ ಕೂತು ಹೇಳ್ಬೇಕು."

ಮರುದಿನದಿಂದ ಅಮ್ಮ ಬೆಳಿಗ್ಗೆ ಬಂದು ಪಕ್ಕದ ಕುರ್ಚಿಯಲ್ಲಿ ಕೂರತೊಡಗಿದರು. ಕಣ್ಣಿಗೆ ಆಯಾಸ ಆಗಬಾರದೆಂದು ಹತ್ತು ನಿಮಿಷ ನೋಡುವುದು, ಇಪ್ಪತ್ತು ನಿಮಿಷ ಹೊರಗೆ ಭಾವನ ಮಾತು ಕೇಳುವುದು. ಜೂಮಕ್ಕ ರವಿಕೆಯ ಬಣ್ಣವನ್ನೇ ತೆಗೆದುಕೊಂಡು ದುಪಟ್ಟಾಕ್ಕೆ ಹಾಕಿದಾಗ ಅವರು ಒಪ್ಪಲಿಲ್ಲ.

"ಒಂದೇ ಗಟ್ಟಿ ಬಣ್ಣ ಎರಡೂ ಕಡೆ ಬಂದ್ರೆ ಕಸೂತಿ ಮುಳುಗಿಹೋಗುತ್ತೆ. ಮೇಲಿಂದು ಒಂದು ಸುತ್ತು ತಿಳಿ ಇರ್ಲಿ. ಹಾಂ, ಇನ್ನೂ ಸ್ವಲ್ಪ. ಸಾಕು. ಆಮೇಲೆ ಅದು ಸ್ಯಾಟಿನ್ ಥರ ಹೊಳೀಬಾರ್ದು. ಜಾಲರಿ ಹೊಳೆಯಲ್ಲ, ಮಿನುಗುತ್ತೆ ಅಷ್ಟೇ."

ಜೂಮಕ್ಕ ನೂಲಿಗೆ ಪೂರ್ತಿ ಬಣ್ಣ ಕೊಟ್ಟು, ಕಂಡಿಯೊಳಗೆ ಕಾಣುವ ಮೈಯನ್ನೂ ಕೂದಲನ್ನೂ ಹಾಗೇ ಬಿಟ್ಟಳು. ಎರಡು ಪದರ ಮಡಿಕೆ ಬಿದ್ದಲ್ಲಿ ಬಣ್ಣವನ್ನು ಗಾಢ ಮಾಡಿದಳು. ಅಂಚಿನ ಬಂಗಾರದ ಪಟ್ಟಿಯನ್ನು ಮುಟ್ಟಲಿಲ್ಲ. ಆದರೆ ಅದರ ಮಡಿಕೆಗಳಲ್ಲಿ ಬಿದ್ದಿದ್ದ ಮರೂನ್ ಛಾಯೆಯನ್ನು ಈ ಸಲ ತಾನೇ ಹುಡುಕಿ ತೆಗೆದಳು. ಮೊದಲನೇ ಫೋಟೋ ಮುಗಿಯುವಷ್ಟರಲ್ಲಿ ಸಂಜೆಯಾಗಿತ್ತು.

ಕೆಲಸ ಮುಗಿಸಿ ಬಂದ ಹುಡುಗಿ ಬಾಗಿಲಲ್ಲೇ ನಿಂತು ನೋಡಿದಳು. ಪರದೆಯ ಮೇಲೆ ತಿಳಿನೇರಳೆ ಜಾಲರಿಯೊಳಗೆ ಅವಳ ಕಪ್ಪು ಕೂದಲು, ಅದರ ಕೆಳಗೆ ಕಡುನೇರಳೆ ರವಿಕೆ, ಅದರ ಮೇಲೆ ಬಂಗಾರದ ಬಳ್ಳಿ ಎಲೆ ಎಲೆಯಾಗಿ ಎದ್ದು ಕಾಣುತ್ತಿತ್ತು.

"ಈ ಬಣ್ಣದ ದುಪಟ್ಟಾ ಎಲ್ಲಾದ್ರೂ ಸಿಗುತ್ತಾ?" ಅಂದಳು.

"ಮುಂದಿನ ತಿಂಗಳು ಇನ್ನೊಂದು ಕಣ್ಣಿಂದೂ ಆಗ್ಲಿ," ಅಂದರು ಅಮ್ಮ. "ಆಮೇಲೆ ಇಬ್ರೂ ಹೋಗಿ ಹುಡುಕೋಣ. ಒಬ್ಳೇ ಮಾತ್ರ ಹೋಗಲ್ಲ ನಾನು."

ಜೂಮಕ್ಕ ಆ ಫೋಟೋವನ್ನು ಉಳಿಸಿ, ಎರಡನೆಯದನ್ನು ತೆರೆದಳು. ಅದರಲ್ಲಿ ಗಾಳಿಗೆ ದುಪಟ್ಟಾ ಹಾರಿ ಮದುಮಗನ ಅರ್ಧ ಮುಖ ಮುಚ್ಚಿತ್ತು. ಅವಳು ನಿಟ್ಟುಸಿರು ಬಿಟ್ಟು, ಕುರ್ಚಿ ಮುಂದಕ್ಕೆಳೆದುಕೊಂಡಳು.