ಗೇರಿನ ದೀಪ

ನನ್ನ ಗಂಡ ಧರ್ಮೇಶನಿಗೆ ಬ್ಯಾಂಕಿನಲ್ಲಿ ಎಂಥ ಲೆಕ್ಕ ಕೊಟ್ಟರೂ ಬಗೆಹರಿಯುತ್ತಿತ್ತು, ಕ್ಲಚ್ ಒಂದು ಬಿಟ್ಟು. ಅರಸೀಕೆರೆಯ ರೈಲ್ವೆ ಗೇಟಿನ ಏರಿನಲ್ಲಿ ಗಾಡಿ ಹಿಂದಕ್ಕೆ ಜಾರಿಸಿ ಜಾರಿಸಿ, ಕೊನೆಗೆ ಹಾಸನದ ಡಾಕ್ಟರೊಬ್ಬರ ಹಳೇ ಆಟೊಮ್ಯಾಟಿಕ್ ಕಾರು ಕೊಂಡ. ಇಡೀ ಬೀದಿಯಲ್ಲಿ ಅಂಥದ್ದು ಅದೊಂದೇ. ಗೇರು ತನ್ನಷ್ಟಕ್ಕೆ ಬೀಳುತ್ತದೆ ಎಂದು ಕಂಡಕಂಡವರಿಗೆ ಹೇಳಿಕೊಂಡು ತಿರುಗಿದ. ನಾನು ಹೈಸ್ಕೂಲು ಟೀಚರು, ಇಂಥ ಹೆಮ್ಮೆ ದಿನಾ ನೋಡುತ್ತೇನೆ.

ಕಾರು ಕೊಡುವಾಗ ಡಾಕ್ಟರು ಇಬ್ಬರನ್ನೂ ಕೂರಿಸಿಕೊಂಡು ಒಂದು ಮಾತು ಹೇಳಿದ್ದರು. "ಹಲ್ಲಿನ ಚಕ್ರದ ಗುರುತಿನ ಹಳದಿ ದೀಪ ಬಂದರೆ ಗೇರ್‌ಬಾಕ್ಸಿನ ಎಣ್ಣೆ ಕಾದಿದೆ ಅಂತ. ನಿಲ್ಲಿಸಿ, ಪಾರ್ಕಿಗೆ ಹಾಕಿ, ಇಂಜಿನ್ ಮಾತ್ರ ಆಫ್ ಮಾಡಬೇಡಿ. ಓಡುತ್ತಿದ್ದರೆ ಎಣ್ಣೆ ತಿರುಗಿ ತಣ್ಣಗಾಗುತ್ತೆ. ಒಂದೊಂದು ಸಲ ಗಾಡಿ ಒಂದೇ ಗೇರಿಗೆ ಕಚ್ಚಿಕೊಂಡು ಓಡುತ್ತೆ, ಲಿಂಪ್ ಮೋಡ್ ಅಂತಾರೆ. ಹೆಚ್ಚು ಕೆಡದಿರಲಿ ಅಂತ ಅದು ತನ್ನನ್ನು ತಾನೇ ಹಿಡಿದುಕೊಳ್ಳೋದು. ಹೆದರಬೇಡಿ, ಅವಸರ ಮಾಡಬೇಡಿ, ನಿಧಾನಕ್ಕೆ ಮನೆ ಸೇರಿಸುತ್ತೆ." ಧರ್ಮೇಶ ತಲೆಯಾಡಿಸಿದ. ತಲೆಯಾಡಿಸುವುದರಲ್ಲಿ ಅವನನ್ನು ಮೀರಿಸುವವರಿಲ್ಲ.

ಗೆಂಡೆಹಳ್ಳಿಯಿಂದ ಫೋನು ಬಂದದ್ದು ಆ ವರ್ಷದ ಹುರುಳಿ ಒಕ್ಕಣೆಯ ದಿನಗಳಲ್ಲಿ. ನನ್ನ ಅತ್ತೆ ಲಕ್ಕಮ್ಮನ ಅಕ್ಕ ಗಿಡ್ಡಮ್ಮ ಬೆಳಿಗ್ಗೆ ತೀರಿಕೊಂಡಿದ್ದರು. ತಾಯಿಯಿಲ್ಲದ ಲಕ್ಕಮ್ಮನನ್ನು ಸೊಂಟದ ಮೇಲೆ ಹೊತ್ತು ಸಾಕಿದವರು ಅವರೇ. ಸತ್ತ ಹೆಣ್ಣಿನ ಮೈಮೇಲೆ ತವರಿನವರು ಸೀರೆ ಹೊದಿಸಬೇಕು, ಆಮೇಲೆಯೇ ಮಣ್ಣು. ಆ ತವರಿನಲ್ಲಿ ಈಗ ಉಳಿದಿದ್ದವರು ನನ್ನ ಅತ್ತೆ ಒಬ್ಬರೇ.

ನಮ್ಮ ಮನೆಯಲ್ಲಿ ಬುದ್ಧನ ಪಟವಿದೆ, ಇಂಥ ಶಾಸ್ತ್ರಗಳನ್ನು ಧರ್ಮೇಶ ಬಿಟ್ಟು ಬಹಳ ಕಾಲವಾಗಿತ್ತು. ಆದರೆ ಅವತ್ತು ಅವನೇ ಅಂಗಡಿಗೆ ಹೋಗಿ ಹಸಿರು ಸೀರೆ ತಂದ. ಸೀರೆಯನ್ನು ಅತ್ತೆ ಮಡಿಲಲ್ಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತರು.

"ಹೊತ್ತು ಮುಳುಗೋ ಮುಂಚೆ ಮಣ್ಣು ಮಾಡ್ಬೇಕಂತೆ. ಸಿಕ್ತಾಳೇನೋ ಮಗಾ?" ಎಂದರು.

"ಸ್ವಾಮಿಗೆ ಹೇಳಿದೀನಿ ಕಣವ್ವ, ಕಾಯ್ತಾನೆ. ಹೊತ್ತಿಗೆ ಮುಂಚೆನೇ ಇರ್ತೀವಿ." ಸ್ವಾಮಿ ಎಂದರೆ ಗಿಡ್ಡಮ್ಮನ ಮಗ.

ಜಾವಗಲ್ ದಾಟಿದ್ದೇ ತಡ, ರಸ್ತೆ ತುಂಬ ಹುರುಳಿ. ಬಳ್ಳಿ ಕಿತ್ತು ಟಾರಿನ ಮೇಲೆ ಹರಡಿ, ಹೋಗಿ ಬರುವ ಗಾಡಿಗಳಿಂದಲೇ ತುಳಿಸಿಕೊಳ್ಳುವುದು ನಮ್ಮ ಕಡೆಯ ರೂಢಿ. ಬಸ್ಸು ಲಾರಿಗಳಿಗೆ ಏನಾಗುವುದಿಲ್ಲ. ನಮ್ಮ ಕಾರಿನ ಹೊಟ್ಟೆ ನೆಲಕ್ಕೆ ಹತ್ತಿರ. ಒಂದು ಹರವು ಮುಗಿಯುವಷ್ಟರಲ್ಲಿ ಇನ್ನೊಂದು, ಹೊಟ್ಟು ಎದ್ದು ಎದ್ದು ಗಾಳಿ ಹೋಗುವ ಮುಂದಿನ ಜಾಲರಿಗೆ ಮೆತ್ತಿಕೊಳ್ಳುತ್ತಿತ್ತು.

ಹಳೇಬೀಡು ಬಿಟ್ಟು ಬೇಲೂರಿನ ದಾರಿಯ ಏರಿನಲ್ಲಿ ಹಳದಿ ದೀಪ ಹತ್ತಿತು. ಹಲ್ಲಿನ ಚಕ್ರ.

"ರೀ, ದೀಪ. ನಿಲ್ಲಿಸಿ, ಹೊಟ್ಟು ತೆಗೆಯೋಣ."

"ಮುಳ್ಳು ನೋಡು, ನಡುವಿನಲ್ಲೇ ಇದೆ. ಇಂಜಿನ್ ಕಾದಿಲ್ಲ."

"ಇಂಜಿನ್ ಅಲ್ಲ, ಗೇರಿನ ಎಣ್ಣೆ. ಡಾಕ್ಟರು ಹೇಳಿರಲಿಲ್ವಾ?"

ಉತ್ತರ ಬರುವ ಮೊದಲೇ ಕಾರು ಒಮ್ಮೆ ಧಕ್ಕೆಂದಿತು. ಆಮೇಲೆ ಅದರ ಓಟವೇ ಬೇರೆಯಾಯಿತು. ಕಾಲೊತ್ತಿದರೆ ಇಂಜಿನ್ ನರಳುತ್ತದೆ, ವೇಗ ಬರುವುದಿಲ್ಲ. ಗೇರು ಇಳಿಯುವುದೂ ಇಲ್ಲ, ಏರುವುದೂ ಇಲ್ಲ, ಮೂರನೆಯದರಲ್ಲೇ ಕಚ್ಚಿಕೊಂಡು ನಿಂತಿತ್ತು. ಒಂದು ಎತ್ತಿನ ಗಾಡಿಗೆ ದಾರಿ ಬಿಟ್ಟು ಮತ್ತೆ ಹೊರಡುವಾಗ, ಮೂಟೆ ಹೊತ್ತವನು ಮೊಣಕಾಲೂರಿ ಏಳುವ ಹಾಗೆ ಎದ್ದಿತು. ಆದರೆ ಓಡುತ್ತಿತ್ತು. ನಿಧಾನ, ಆದರೂ ಓಡುತ್ತಿತ್ತು.

ಹಿಂದಿನಿಂದ ತೆಂಗಿನಕಾಯಿ ತುಂಬಿದ ಟ್ರ್ಯಾಕ್ಟರು ಬಂದು ನಮ್ಮನ್ನು ದಾಟಿ ಹೋಯಿತು. ಅದರ ಮೇಲೆ ಕೂತವರು ಕೇಕೆ ಹಾಕಿದರು. ಧರ್ಮೇಶನ ಕಿವಿ ಕೆಂಪಾಯಿತು. ಪಕ್ಕಕ್ಕೆ ನಿಲ್ಲಿಸಿ ಕೀಲಿ ತಿರುಗಿಸಿ ಇಂಜಿನ್ ಆರಿಸಿದ.

"ಆಫ್ ಮಾಡಬೇಡಿ ಅಂದಿದ್ರು!"

"ನಮ್ಮ ಬ್ಯಾಂಕಿನ ಕಂಪ್ಯೂಟರ್ ದಿನಕ್ಕೆ ಹತ್ತು ಸಲ ಹ್ಯಾಂಗ್ ಆಗುತ್ತೆ ಲತಾಮಣಿ. ಆಫ್ ಮಾಡಿ ಆನ್ ಮಾಡಿದ್ರೆ ಸರಿಹೋಗುತ್ತೆ. ಇದೂ ಕಂಪ್ಯೂಟರೇ."

ಮತ್ತೆ ಚಾಲೂ ಮಾಡಿದ. ದೀಪ ಇಲ್ಲ. ಗೇರುಗಳು ಒಂದು, ಎರಡು, ಮೂರು, ನಾಲ್ಕು, ಸರಾಗ. ನನ್ನ ಕಡೆ ನೋಡಿದ ನೋಟ ಇನ್ನೂ ನೆನಪಿದೆ, ಪಾಸಾದ ಹುಡುಗನ ನೋಟ. ದೀಪ ಆರಿದ್ದು ಕಂಪ್ಯೂಟರಿನ ಮರೆವಿನಿಂದ, ಎಣ್ಣೆ ತಣ್ಣಗಾಗಿರಲಿಲ್ಲ. ನಾನು ಬಾಯಿ ಬಡಿದುಕೊಂಡೆ. ಅವನು ಕಾಲೊತ್ತಿದ.

ಸ್ವಲ್ಪ ದೂರಕ್ಕೆ ಮತ್ತೆ ದೀಪ, ಮತ್ತೆ ಧಕ್ಕೆ. ಮತ್ತೆ ಆಫ್, ಆನ್. ಪ್ರತಿ ಸಲವೂ ಸರಾಗದ ಓಟ ಚಿಕ್ಕದಾಗುತ್ತ ಬಂತು. ಬೇಲೂರಿನಲ್ಲಿ ಫೋನ್ ಬೂತಿನಿಂದ ಸ್ವಾಮಿಗೆ "ಅರ್ಧ ಗಂಟೆ ತಡಿ, ಬಂದೇ ಬಿಟ್ವಿ" ಎಂದು ಹೇಳಿ ಬಂದ. ಅಷ್ಟರಲ್ಲಿ ನಾನು ಕೈಗೆ ಸಿಕ್ಕಷ್ಟು ಹೊಟ್ಟು ಕಿತ್ತಿದ್ದೆ, ಎಣ್ಣೆ ತಣಿಸುವ ಒಳಗಿನ ಜಾಲರಿಗೆ ಬೆರಳು ತಲುಪಲಿಲ್ಲ.

"ಬೇಡ ಮಗಾ, ನಿಧಾನಕ್ಕೇ ಹೋಗು," ಎಂದರು ಅತ್ತೆ. "ಗಾಡಿಗೂ ಸುಸ್ತಾಗೈತೆ."

"ನಿಧಾನಕ್ಕೆ ಹೋದ್ರೆ ಸಿಗಲ್ಲ ಕಣವ್ವ," ಎಂದ. ಆಗ ನನಗೆ ತಿಳಿಯಿತು, ಅದು ಬರೀ ಹೆಮ್ಮೆಯಲ್ಲ. ತಾಯಿಗೆ ಕೊಟ್ಟ ಮಾತಿನ ಹಿಂದೆ ಅವನು ಓಡುತ್ತಿದ್ದ.

ಬೇಲೂರು ದಾಟಿದ ಮೇಲಿನ ಏರಿನಲ್ಲಿ ಅದು ಧಕ್ಕೆಂದೂ ಅನ್ನಲಿಲ್ಲ. ಇಂಜಿನ್ ಕೂಗಿತು, ಕಾರು ನಿಂತಲ್ಲೇ ನಿಂತಿತು. ಮುಂದಕ್ಕೆ ಹಾಕಿದರೂ ಅಷ್ಟೆ, ಹಿಂದಕ್ಕೆ ಹಾಕಿದರೂ ಅಷ್ಟೆ. ಸುಟ್ಟ ಎಣ್ಣೆಯ ಕಮಟು ಒಳಗೆಲ್ಲ ತುಂಬಿತು. ಧರ್ಮೇಶ ಕೀಲಿ ತಿರುಗಿಸುತ್ತಲೇ ಇದ್ದ, ನಾನು ಅವನ ಕೈ ಹಿಡಿದು ಬಿಡಿಸಿದೆ.

ಬಹಳ ಹೊತ್ತಿನ ಮೇಲೆ ಕರಿಯಯ್ಯ ಎಂಬವನ ಲಗೇಜ್ ಆಟೊ ಬಂತು, ಖಾಲಿ ಹಾಲಿನ ಕ್ಯಾನುಗಳ ನಡುವೆ ಮೂವರೂ ಕೂತೆವು. ಬಿಸಿಲು ತೆಂಗಿನ ಸುಳಿಗಳಿಂದ ಇಳಿದುಹೋಗಿತ್ತು. ಮೂರನೇ ಗೇರಿನಲ್ಲೇ ನರಳುತ್ತ ಬಂದಿದ್ದರೂ ಇಷ್ಟು ಹೊತ್ತಿಗೆ ಗೆಂಡೆಹಳ್ಳಿಯಲ್ಲಿ ಇರುತ್ತಿದ್ದೆವು. ಅದನ್ನು ನಾನು ಹೇಳಬೇಕಾಗಿರಲಿಲ್ಲ, ಧರ್ಮೇಶ ಲೆಕ್ಕ ಬಲ್ಲವನು.

ನಾವು ಹೋದಾಗ ಕತ್ತಲಾಗಿತ್ತು, ಜನ ಮಣ್ಣು ಮುಗಿಸಿ ಹೊಲದಿಂದ ಕೈಕಾಲು ತೊಳೆದು ಬರುತ್ತಿದ್ದರು. ಸ್ವಾಮಿ ಓಡಿಬಂದು ಅತ್ತೆಯ ಕಾಲ ಬಳಿ ಕುಸಿದ.

"ಕಾದ್ವಿ ಚಿಕ್ಕವ್ವ. ಹೊತ್ತು ಪೂರಾ ಮುಳುಗೋ ತನ್ಕ ಕಾದ್ವಿ. ಹಿರೀಕ್ರು ಇನ್ನು ಇಟ್ಕಬಾರ್ದು ಅಂದ್ರು."

ಅತ್ತೆ ಅಳಲಿಲ್ಲ. "ಯಾವ ಸೀರೆ ಹೊದಿಸಿದ್ರಪ್ಪಾ?" ಎಂದು ಕೇಳಿದರು.

"ನಮ್ಮ ರಮಾಳ್ದು."

ರಮಾ ಅವನ ಹೆಂಡತಿ. ಒಳ್ಳೆಯ ಹುಡುಗಿ, ತನ್ನ ಮದುವೆ ಸೀರೆಯನ್ನೇ ಕೊಟ್ಟಿದ್ದಳು. ಅತ್ತೆ ಅವಳ ತಲೆ ಸವರಿದರು. "ಚೆಂದಾಯ್ತು ಬಿಡವ್ವ. ಆದ್ರೆ ನಮ್ಮಕ್ಕ ತವರಿಲ್ಲದೋಳಂಗೆ ಹೋಗ್ಬಿಟ್ಲು," ಎಂದರು.

ಧರ್ಮೇಶ ಗೋಡೆಗೆ ಮುಖ ಮಾಡಿ ನಿಂತು ಬಿಕ್ಕಿಬಿಕ್ಕಿ ಅತ್ತ. "ಅವ್ವ, ನಾಳೆ ಹೊತ್ತಾರೆ ಮಣ್ಣಿನ ಗುಡ್ಡೆ ಮೇಲಾದ್ರೂ ಹೊದಿಸಿ ಬರಾಣ," ಎಂದ.

"ಮಣ್ಣಿಗ್ಯಾಕಪ್ಪ ಸೀರೆ," ಎಂದರು ಅತ್ತೆ. ಬಯ್ಗುಳವಿಲ್ಲದ ಆ ದನಿ ಅವನನ್ನು ಇನ್ನಷ್ಟು ಕುಗ್ಗಿಸಿತು. ಅವರು ನನ್ನನ್ನು ಹತ್ತಿರ ಕರೆದು, ಮಡಿಲಿನ ಹಸಿರು ಸೀರೆಯನ್ನು ನನ್ನ ಕೈಗಿಟ್ಟರು.

"ಎತ್ತಿಟ್ಕೋ ಲತಾ. ನಂಗೆ ತರೋಕೆ ಇನ್ನು ತವರಲ್ಲಿ ಯಾರಿದಾರೆ? ನನ್ನ ದಿನ ಬಂದಾಗ ನೀನೇ ಹೊದಿಸು. ಅಕ್ಕ ಕಳಿಸಿದ್ದು ಅಂದ್ಕೋತೀನಿ."